ದಾರಿಹೋಕರನ್ನು ಒಳಗೆ ಕರೆಯುವ ಬೋರ್ಡು, ಕೈಗಿಟ್ಟರೆ ಬಿಸಾಡದ ಕರಪತ್ರ

ಮಕ್ತಲ್: ಮಹಬೂಬ್‌ನಗರದಿಂದ ರಾಯಚೂರಿಗೆ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿ ಮಕ್ತಲ್ ಮೂಲಕ ಹಾದು ಹೋಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಕುಳಿತವರಿಗೆ ರಸ್ತೆಯ ಎರಡೂ ಬದಿ ಸಾಲು ಸಾಲು ಬೋರ್ಡುಗಳು ಕಾಣುತ್ತವೆ. ಕೆಂಪು, ಹಳದಿ, ನೀಲಿ. ದೇವರ ಫೋಟೊ, ಮಾಲೀಕರ ಫೋಟೊ, ನಾಲ್ಕು ಮೊಬೈಲ್ ನಂಬರ್. ಊರು ದಾಟಿದ ಮೇಲೆ 'ಸೀರೆ ಅಂಗಡಿ ಎಲ್ಲಿತ್ತು?' ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಬೋರ್ಡು ಇತ್ತು, ಆದರೆ ಯಾರೂ ಓದಲಿಲ್ಲ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ಹೊಸ ಅಂಗಡಿ ತೆರೆಯುವವರು ಒಳಗಿನ ಗಾಜು, ಬೀರು, ಲೈಟಿಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಬೋರ್ಡಿನ ವಿಷಯ ಬಂದಾಗ ಮಾತ್ರ ಉದ್ಘಾಟನೆಗೆ ಎರಡು ದಿನ ಇರುವಾಗ ಫ್ಲೆಕ್ಸ್ ಅಂಗಡಿಗೆ ಹೋಗಿ 'ಚೆನ್ನಾಗಿ ಮಾಡಿಕೊಡಪ್ಪ' ಎಂದು ಹೇಳಿ ಬರುತ್ತಾರೆ. ಅವನು ಚದರ ಅಡಿ ಲೆಕ್ಕದಲ್ಲಿ ದುಡ್ಡು ತಗೊಂಡು ತನಗೆ ತೋಚಿದ್ದನ್ನು ಮಾಡಿಕೊಡುತ್ತಾನೆ. ತಪ್ಪು ಅವನದಲ್ಲ. ಬೋರ್ಡನ್ನು ಯಾರು, ಎಷ್ಟು ದೂರದಿಂದ, ಯಾವ ಭಾಷೆಯಲ್ಲಿ ಓದುತ್ತಾರೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಕ್ತಲ್‌ನಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಮಳಿಗೆ. ಶಟರಿನ ಅಗಲ 12 ಅಡಿ. ನಾರಾಯಣಪೇಟೆ ಮತ್ತು ಗದ್ವಾಲ್ ಕೈಮಗ್ಗದ ಸೀರೆ ಮಾರುವ ಅಂಗಡಿ. ಹೆಸರು 'ಕಮಲ' ಎಂದಿಟ್ಟುಕೊಳ್ಳಿ. ಬರುವ ಗಿರಾಕಿಗಳಲ್ಲಿ ತೆಲುಗು ಓದುವವರೂ ಇದ್ದಾರೆ, ಕೃಷ್ಣಾ, ರಾಯಚೂರು, ಗುರುಮಠಕಲ್ ಕಡೆಯಿಂದ ಬರುವ ಕನ್ನಡ ಓದುವವರೂ ಇದ್ದಾರೆ.

ಮೇಲೆ ತೆಲುಗು, ಕೆಳಗೆ ಕನ್ನಡ

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ತೆಲಂಗಾಣದ ಅಂಗಡಿ ಮತ್ತು ಸಂಸ್ಥೆಗಳ ನಿಯಮದಂತೆ ನಾಮಫಲಕ ತೆಲುಗಿನಲ್ಲಿರಬೇಕು. ಬೇರೆ ಭಾಷೆ ಬಳಸುವುದಾದರೆ ಅದು ತೆಲುಗಿನ ಕೆಳಗೆ ಬರಬೇಕು. ಅಂದರೆ ಕನ್ನಡ ಬರೆಯಲು ಅಡ್ಡಿಯಿಲ್ಲ, ಜಾಗ ಮಾತ್ರ ಎರಡನೆಯದು. ಗಡಿಯ ಆಚೆ ರಾಯಚೂರಿನಲ್ಲಿ ಇದು ತಿರುಗುಮುರುಗು. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ನಂತರ ಬೋರ್ಡಿನ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆದ್ದರಿಂದ ಎರಡೂ ಕಡೆ ಮಳಿಗೆ ಇರುವವರು ಒಂದೇ ವಿನ್ಯಾಸವನ್ನು ಎರಡು ಕಡೆ ತೂಗುಹಾಕುವ ಹಾಗಿಲ್ಲ.

ಜಿಎಸ್‌ಟಿ ನೋಂದಣಿ ಇರುವವರು ತಮ್ಮ ನೋಂದಣಿ ಸಂಖ್ಯೆಯನ್ನು ಪ್ರವೇಶದ ಬಳಿಯ ನಾಮಫಲಕದ ಮೇಲೆ ತೋರಿಸಬೇಕು. ಇದನ್ನು ತಲೆಯ ಮೇಲಿನ ದೊಡ್ಡ ಬೋರ್ಡಿಗೆ ತುರುಕುವ ಬದಲು ಬಾಗಿಲ ಪಕ್ಕ ಹೆಸರಿನೊಂದಿಗೆ ಒಂದು ಸಣ್ಣ ಫಲಕ ಹಾಕಿದರೆ ದೊಡ್ಡ ಬೋರ್ಡು ಹಗುರವಾಗುತ್ತದೆ.

ಅಕ್ಷರ ಎಷ್ಟು ದೊಡ್ಡದಿರಬೇಕು?

ಬೋರ್ಡು ಬರೆಯುವವರು ಜಗತ್ತಿನೆಲ್ಲೆಡೆ ಬಳಸುವ ಒಂದು ಸರಳ ಲೆಕ್ಕ ಇದೆ. ಅಕ್ಷರ 1 ಇಂಚು ಎತ್ತರ ಇದ್ದರೆ ಸುಮಾರು 10 ಅಡಿ ದೂರದಿಂದ ಆರಾಮವಾಗಿ ಓದಬಹುದು. ಇನ್ನೂ ದೂರದಿಂದಲೂ ಕಣ್ಣು ಕಿರಿದು ಮಾಡಿ ಓದಬಹುದು, ಆದರೆ ದಾರಿಹೋಕರು ಕಣ್ಣು ಕಿರಿದು ಮಾಡುವ ಕಷ್ಟ ತಗೊಳ್ಳುವುದಿಲ್ಲ.

ಈಗ ರಸ್ತೆಯ ಲೆಕ್ಕ. ಊರೊಳಗೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಒಂದು ಸೆಕೆಂಡಿಗೆ ಸುಮಾರು 27 ಅಡಿ ಮುಂದೆ ಹೋಗುತ್ತದೆ. ಕಿಟಕಿಯಲ್ಲಿ ಕುಳಿತವರು ಬೋರ್ಡು ಕಂಡು, ಮೂರು ಪದ ಓದಿ, 'ಓ, ಇಲ್ಲಿ ಸೀರೆ ಸಿಗುತ್ತೆ' ಎಂದು ತಲೆಗೆ ಹಾಕಿಕೊಳ್ಳಲು ಸುಮಾರು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ಬಸ್ಸು 80 ಅಡಿ ಸಾಗಿರುತ್ತದೆ. ಆದ್ದರಿಂದ ಮುಖ್ಯ ಸಾಲು 90 ಅಡಿ ದೂರದಿಂದಲೇ ಓದಲು ಬರಬೇಕು. ಅಂದರೆ ಅಕ್ಷರ 9 ಇಂಚು.

ಇಲ್ಲಿ ಒಂದು ಎಡವಟ್ಟು ಇದೆ. 9 ಇಂಚು ಎಂದರೆ ಯಾವ 9 ಇಂಚು? ಇಂಗ್ಲಿಷ್ ದೊಡ್ಡಕ್ಷರ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ನಮ್ಮ ಎರಡೂ ಲಿಪಿಗಳು ಹಾಗಲ್ಲ. ಮೇಲೆ ಗುಣಿತ, ಕೆಳಗೆ ಒತ್ತು. ನಡುವಿನ ಅಕ್ಷರ 9 ಇಂಚು ಇರಬೇಕೆಂದರೆ ಗುಣಿತ, ಒತ್ತು ಸೇರಿ ಒಂದು ಸಾಲಿಗೆ ಸುಮಾರು 15 ಇಂಚು ಜಾಗ ಬೇಕಾಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದ ಕಾರಣಕ್ಕೇ ಎಷ್ಟೋ ಬೋರ್ಡುಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತದೆ. ಹತ್ತಿರದಿಂದ ಓದಬಹುದು, ದೂರದಿಂದ ಅದು ಬಣ್ಣದ ಗುಡ್ಡೆ.

ಹಾಗಾಗಿ ಒತ್ತು ಕಡಿಮೆ ಇರುವ ಹೆಸರು ಬೋರ್ಡಿನ ಮಟ್ಟಿಗೆ ಲಾಭ. 'ಲಕ್ಷ್ಮೀ' ಎನ್ನುವಲ್ಲಿ ಒಂದೇ ಅಕ್ಷರದ ಕೆಳಗೆ ಎರಡು ಒತ್ತು ನೇತಾಡುತ್ತವೆ, ಮೇಲೆ ದೀರ್ಘ ಬೇರೆ. ಲಕ್ಷ್ಮಿಯ ಹೆಸರು ಬೇಡವೆಂದಲ್ಲ, ಅವಳಿಗೆ ಜಾಗ ಹೆಚ್ಚು ಬೇಕು ಅಷ್ಟೆ. 'ಕಮಲ'ದಲ್ಲಿ ಒಂದೂ ಒತ್ತಿಲ್ಲ. ಕೈಮಗ್ಗದ ಸೀರೆಗೆ ತೆಲುಗಿನಲ್ಲಿ ಹೇಳುವ 'ಚೇನೇತ ಚೀರಲು' ಎಂಬುದರಲ್ಲೂ ಒಂದೂ ಒತ್ತಿಲ್ಲ.

ನಮ್ಮ 12 ಅಡಿ ಅಗಲ, 3 ಅಡಿ ಎತ್ತರದ ಬೋರ್ಡು ಹೀಗೆ ಹಂಚಿಕೆಯಾಗುತ್ತದೆ. ಮೊದಲ ಸಾಲು ತೆಲುಗಿನಲ್ಲಿ 'ಕಮಲ ಚೇನೇತ ಚೀರಲು', ಅಕ್ಷರ 9 ಇಂಚು, ಸಾಲಿಗೆ 15 ಇಂಚು. ಎರಡನೇ ಸಾಲು ಕನ್ನಡದಲ್ಲಿ 'ಕಮಲ ಕೈಮಗ್ಗದ ಸೀರೆಗಳು', ಅಕ್ಷರ 6 ಇಂಚು, ಸಾಲಿಗೆ 10 ಇಂಚು. ಮೂರನೆಯದು 'ನಾರಾಯಣಪೇಟೆ, ಗದ್ವಾಲ್' ಎಂದು ಎರಡೂ ಲಿಪಿಯಲ್ಲಿ ಅಕ್ಕಪಕ್ಕ, ಅಕ್ಷರ 3 ಇಂಚು, ಸಾಲಿಗೆ 5 ಇಂಚು. ಒಟ್ಟು 30 ಇಂಚು. ಮೇಲೆ ಮೂರು, ಕೆಳಗೆ ಮೂರು ಇಂಚು ಖಾಲಿ ಬಿಟ್ಟರೆ 36 ಇಂಚು, ಅಂದರೆ 3 ಅಡಿ ಭರ್ತಿ.

ಅಗಲವನ್ನೂ ನೋಡಬೇಕು. ತೆಲುಗು ಸಾಲಿನಲ್ಲಿ 9 ಅಕ್ಷರ. ಒಂದೊಂದಕ್ಕೆ ನಡುವಿನ ಸಂದು ಸೇರಿ 10 ಇಂಚು ಹಿಡಿದರೆ 90 ಇಂಚು, ಪದಗಳ ನಡುವಿನ ಜಾಗಕ್ಕೆ ಇನ್ನೊಂದು 16 ಇಂಚು. 144 ಇಂಚಿನ ಬೋರ್ಡಿನಲ್ಲಿ ಆರಾಮವಾಗಿ ಕೂರುತ್ತದೆ. 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಹ್ಯಾಂಡ್‌ಲೂಮ್ಸ್ ಅಂಡ್ ಫ್ಯಾನ್ಸಿ ಸ್ಯಾರೀಸ್' ಎಂದು ಬರೆಯಹೊರಟರೆ ಅಕ್ಷರ ಮೂರು ನಾಲ್ಕು ಇಂಚಿಗೆ ಇಳಿಯುತ್ತದೆ. ಆಗ ಬಸ್ಸಿನವರಿಗೆ ಬೋರ್ಡೇ ಇಲ್ಲ ಎಂದು ಲೆಕ್ಕ. ಅಷ್ಟುದ್ದದ ಹೆಸರು ಬೇಕೇ ಬೇಕೆಂದರೆ ಬಿಲ್ ಪುಸ್ತಕದಲ್ಲಿ ಇರಲಿ.

ಫೋಟೊಗಳ ಬಗ್ಗೆ ಒಂದು ಮಾತು. ಈ ಹಂಚಿಕೆಯಲ್ಲಿ ಫೋಟೊಗೆ ಜಾಗವೇ ಉಳಿದಿಲ್ಲ ಎಂಬುದನ್ನು ಗಮನಿಸಬೇಕು. ಮಾಲೀಕರ ಮುಖ 90 ಅಡಿ ದೂರದಿಂದ ಗುರುತು ಸಿಗುವುದು ಅವರ ಮನೆಯವರಿಗೆ ಮಾತ್ರ. ಸೀರೆ ಮಡಿಕೆಯ ಒಂದು ಚಿತ್ರ ಇದ್ದರೆ ಓದಲು ಬಾರದವರಿಗೂ ಅರ್ಥವಾಗುತ್ತದೆ, ಅದನ್ನು ತೆಲುಗು ಸಾಲಿನ ತುದಿಯಲ್ಲಿ ಉಳಿಯುವ ಜಾಗದಲ್ಲಿ ಇಡಬಹುದು. ಬಣ್ಣ ಎರಡೇ ಸಾಕು. ತಿಳಿ ಹಳದಿ ಅಥವಾ ಬಿಳಿಯ ಮೇಲೆ ಕಡು ಕೆಂಪು, ಕಡು ನೀಲಿ. ಕೆಂಪಿನ ಮೇಲೆ ಹಸಿರು ಬರೆದರೆ ಕೆಲವರ ಕಣ್ಣಿಗೆ ಅಕ್ಷರವೇ ಬೇರೆಯಾಗಿ ಕಾಣುವುದಿಲ್ಲ.

ಬಸ್ಸಿನವರಿಗೆ ಕಂಡದ್ದು ನಡೆದು ಬರುವವರಿಗೆ ಕಾಣುತ್ತದೆಯೇ? ಇಲ್ಲ, ಇದೂ ಒಂದು ಸಾಮಾನ್ಯ ತಪ್ಪು. ಗೋಡೆಗೆ ಅಂಟಿದ ಬೋರ್ಡು ರಸ್ತೆಯ ಎದುರು ಬದಿಯವರಿಗೆ ಚೆನ್ನಾಗಿ ಕಾಣುತ್ತದೆ. ಅದೇ ಬದಿಯಲ್ಲಿ ಅಂಗಡಿ ಸಾಲಿನ ಗುಂಟ ನಡೆಯುವವರಿಗೆ ಅದು ಓರೆಯಾಗಿ, ಪಟ್ಟಿಯಂತೆ ಕಾಣುತ್ತದೆ. ಅಕ್ಕಪಕ್ಕದವರು ಬಿಸಿಲಿಗೆ ತಾಡಪಾಲು ಕಟ್ಟಿದ್ದರೆ ಅದೂ ಇಲ್ಲ. ಅವರಿಗಾಗಿ ಗೋಡೆಯಿಂದ ಅಡ್ಡಲಾಗಿ ಚಾಚುವ ಎರಡು ಅಡಿಯ ಚೌಕ ಬೋರ್ಡು ಬೇಕು, ಎರಡೂ ಮುಖದಲ್ಲಿ ಬರಹ ಇರಬೇಕು. ಅದರಲ್ಲಿ 'ಚೀರಲು', 'ಸೀರೆ' ಎಂಬ ಎರಡೇ ಪದ ಸಾಕು. ರಸ್ತೆಯ ಜಾಗಕ್ಕೆ ಚಾಚುವ ಬೋರ್ಡಿಗೆ ಪುರಸಭೆಯಲ್ಲಿ ಮೊದಲೇ ಕೇಳಿಕೊಂಡರೆ ನಂತರ ಕಿತ್ತು ಹಾಕುವ ಪ್ರಸಂಗ ಬರುವುದಿಲ್ಲ.

ಕಾಗದದ ಮೇಲಿನ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ದುಡ್ಡು ಬೇಕಿಲ್ಲ. ಹಳೇ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ಒಂದು ಪದವನ್ನು 9 ಇಂಚು ಎತ್ತರದಲ್ಲಿ ದಪ್ಪ ಕುಂಚದಿಂದ ಬರೆದು ಶಟರಿಗೆ ತೂಗುಹಾಕಬೇಕು. ಅಲ್ಲಿಂದ 36 ಹೆಜ್ಜೆ ನಡೆದರೆ ಸುಮಾರು 90 ಅಡಿ. ಅಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರನ್ನು ನಿಲ್ಲಿಸಿ ಓದಿಸಬೇಕು. ಅವರು ತಡವರಿಸಿದರೆ ಅಕ್ಷರ ದೊಡ್ಡದಾಗಬೇಕು, ಇಲ್ಲವೇ ಗೆರೆ ತೆಳ್ಳಗಾಗಬೇಕು. ಗೆರೆ ತೀರಾ ದಪ್ಪವಾದರೆ ನಮ್ಮ ಅಕ್ಷರಗಳ ಒಳಗಿನ ಸುರುಳಿ ಮುಚ್ಚಿಹೋಗುತ್ತದೆ, ಆಗ 'ವ', 'ಪ', 'ಷ' ಮೂರೂ ಒಂದೇ ಥರ ಕಾಣುತ್ತವೆ.

ಕನ್ನಡ ಒಡೆದು ಬರುವುದೇಕೆ?

ಗಡಿ ಊರುಗಳ ಬೋರ್ಡುಗಳಲ್ಲಿ ಕನ್ನಡ ತಪ್ಪಾಗಿ ಬರಲು ಹೆಚ್ಚಿನ ಸಲ ಕಾರಣ ತಾತ್ಸಾರವಲ್ಲ, ತಾಂತ್ರಿಕ. ಡಿಟಿಪಿ ಮಾಡುವವರು ತೆಲುಗಿಗೆ ಅನು ಫಾಂಟ್ ಬಳಸುವುದು ರೂಢಿ. ಕನ್ನಡಕ್ಕೆ ಅವರಲ್ಲಿ ನುಡಿ ಅಥವಾ ಬರಹ ಇರಬಹುದು, ಇಲ್ಲದಿರಬಹುದು. ಗಿರಾಕಿ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ. ಅದು ಯೂನಿಕೋಡ್. ಹಳೆಯ ಪೇಜ್‌ಮೇಕರ್‌ಗೆ ಅದನ್ನು ಅಂಟಿಸಿದರೆ ಅಕ್ಷರವೇ ಬರುವುದಿಲ್ಲ, ಪ್ರಶ್ನೆಚಿಹ್ನೆಗಳು ಬರುತ್ತವೆ. ಹೊಸ ತಂತ್ರಾಂಶದಲ್ಲೂ ಭಾರತೀಯ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಕೈಮಗ್ಗದ ಎಂಬಲ್ಲಿ ಗ ಒತ್ತು ಕೆಳಗೆ ಕೂರುವ ಬದಲು ಎರಡು 'ಗ'ಗಳು ಪಕ್ಕಪಕ್ಕ ನಿಂತು, ಮೊದಲನೆಯದರ ಮೇಲೆ ಅರ್ಧಾಕ್ಷರದ ಕೊಂಡಿ ಬಂದರೆ ಲಿಪಿ ಒಡೆದಿದೆ ಎಂದು ತಿಳಿಯಬೇಕು.

ಇದಕ್ಕೆ ಎರಡು ದಾರಿ. ಡಿಟಿಪಿಯವರಲ್ಲಿ ನುಡಿ ಇದ್ದರೆ ಯೂನಿಕೋಡ್ ಬರಹವನ್ನು ನುಡಿಗೆ ಪರಿವರ್ತಿಸಿಕೊಳ್ಳಬಹುದು. ಇಲ್ಲದಿದ್ದರೆ ಕನ್ನಡ ಬಲ್ಲ ಕಡೆ ಆ ಸಾಲುಗಳನ್ನು ಟೈಪ್ ಮಾಡಿಸಿ, ಅಕ್ಷರಗಳನ್ನು ಚಿತ್ರವಾಗಿ ಬದಲಾಯಿಸಿದ ಪಿಡಿಎಫ್ ತಂದುಕೊಡುವುದು. ಆಗ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಅಕ್ಷರ ಕದಲುವುದಿಲ್ಲ.

ಇನ್ನೊಂದು ತಪ್ಪು ಎರಡು ಲಿಪಿಗಳ ನಂಟಿನಿಂದಲೇ ಹುಟ್ಟುತ್ತದೆ. ಗ, ದ, ನ, ರ, ಬ ಎರಡರಲ್ಲೂ ಹತ್ತಿರ ಹತ್ತಿರ. ತಲೆಕಟ್ಟು ಬದಲಿಸಿದರೆ ಆಯಿತು ಎಂದು ತೆಲುಗು ಬಲ್ಲ ಪೇಂಟರ್ ಅಂದುಕೊಳ್ಳುತ್ತಾನೆ. ಕ, ತ, ಶ ಬಂದಾಗ ಸಿಕ್ಕಿಬೀಳುತ್ತಾನೆ, ಅವು ಎರಡು ಲಿಪಿಯಲ್ಲಿ ಬೇರೆಯೇ. ಅರ್ಕಾವತ್ತಿನಲ್ಲಂತೂ ದಾರಿಯೇ ಬೇರೆ. 'ಮಾರ್ಕೆಟ್' ಎಂದು ಕನ್ನಡದಲ್ಲಿ ಬರೆಯುವಾಗ ಕ ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಇಂದಿನ ತೆಲುಗಿನಲ್ಲಿ ರ ಮೊದಲು ಬಂದು ಅದರ ಕೆಳಗೆ ಕ ಒತ್ತು ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬರಿಗೆ ಮುದ್ರಣಕ್ಕೆ ಮೊದಲು ತೋರಿಸಿದರೆ ಐದು ನಿಮಿಷದ ಕೆಲಸ. ತೋರಿಸದಿದ್ದರೆ ಊರವರು ವರ್ಷಗಟ್ಟಲೆ ನಗುತ್ತಾರೆ.

ಪದಗಳ ಆಯ್ಕೆಯಲ್ಲೂ ಎಚ್ಚರ ಬೇಕು. 'ಅಂಗಡಿ' ಎರಡೂ ಭಾಷೆಯಲ್ಲಿದೆ, ಒಂದೇ ಪದ ಬರೆದರೆ ಸಾಕು ಎನಿಸಬಹುದು. ಆದರೆ ತೆಲಂಗಾಣದ ಆಡುಮಾತಿನಲ್ಲಿ ಅಂಗಡಿ ಎಂದರೆ ವಾರದ ಸಂತೆ. ಮಳಿಗೆಗೆ ಜನ ದುಕಾಣಂ ಎನ್ನುತ್ತಾರೆ. ಆದ್ದರಿಂದಲೇ ಮೇಲಿನ ಬೋರ್ಡಿನಲ್ಲಿ ಆ ಪದವನ್ನು ಬಿಟ್ಟು ನೇರವಾಗಿ ಸರಕಿನ ಹೆಸರನ್ನೇ ಇಡಲಾಗಿದೆ.

ಕಂಡರೂ ಒಳಗೆ ಬಾರದವರು

ಬೋರ್ಡು ಕಂಡಿತು, ಸೀರೆ ಅಂಗಡಿ ಎಂದೂ ಗೊತ್ತಾಯಿತು. ಆದರೂ ಜನ ಹೊಸ್ತಿಲಲ್ಲಿ ನಿಂತು ಹಿಂದೆ ಸರಿಯುತ್ತಾರೆ. ಹಳ್ಳಿಯಿಂದ ಬಂದವರ ಮನಸ್ಸಿನಲ್ಲಿ ಎರಡು ಅಳುಕು ಇರುತ್ತದೆ. ಒಂದು, ಇಲ್ಲಿ ಬೆಲೆ ನಮ್ಮ ಕೈಗೆಟುಕುವುದಿಲ್ಲ. ಎರಡು, ಒಳಗೆ ಕೂತು ಹತ್ತು ಸೀರೆ ಬಿಚ್ಚಿಸಿದ ಮೇಲೆ ಕೊಳ್ಳದೆ ಎದ್ದು ಬರಲು ನಾಚಿಕೆ. ಗಾಜಿನ ಬಾಗಿಲು, ಎಸಿ ಇದ್ದಷ್ಟೂ ಈ ಅಳುಕು ಹೆಚ್ಚು.

ಮೇಲಿನ ಬೋರ್ಡು ಇದನ್ನು ಬಗೆಹರಿಸಲಾರದು. ಅದರ ಕೆಲಸ ಅಂಗಡಿಯನ್ನು ಪತ್ತೆ ಹಚ್ಚಿಸುವುದು ಮಾತ್ರ. ಒಳಗೆ ಕರೆಯುವ ಕೆಲಸ ಬಾಗಿಲ ಪಕ್ಕದ, ಕಣ್ಣಿನ ಮಟ್ಟದ ಒಂದು ಕಪ್ಪು ಹಲಗೆಯದು. ಶಾಲೆಯ ಹಲಗೆಯಂಥದ್ದು, ಸೀಮೆಸುಣ್ಣದಲ್ಲಿ ಬರೆಯುವಂಥದ್ದು. ಅದರಲ್ಲಿ ಮೂರು ಸರಕು, ಮೂರು ಬೆಲೆ. ಎರಡೂ ಲಿಪಿಯಲ್ಲಿ ಸರಕಿನ ಹೆಸರು, ನಡುವೆ ಅಂಕಿ ಒಂದೇ ಸಲ. ಕೆಳಗೆ 'ನೋಡಿ ಹೋಗಬಹುದು' ಎಂಬ ಒಂದು ಸಾಲು. ಬೆಲೆಗಳಲ್ಲಿ ಒಂದು ಕಡಿಮೆಯದು, ಒಂದು ನಡುವಿನದು, ಒಂದು ದುಬಾರಿಯದು ಇರಬೇಕು. ಬರೀ ಕಡಿಮೆಯದನ್ನೇ ಬರೆದರೆ ಮದುವೆ ಸೀರೆಗೆ ಬಂದವರು ಇಲ್ಲಿ ಸಿಗುವುದಿಲ್ಲ ಎಂದು ಮುಂದೆ ಹೋಗುತ್ತಾರೆ.

ಹಲಗೆಯ ಮೇಲೆ ಬರೆದ ಬೆಲೆಯ ಸೀರೆ ಒಳಗೆ ಕೈಗೆ ಸಿಗುವ ಜಾಗದಲ್ಲಿ ಇರಲೇಬೇಕು. 'ಅದು ನಿನ್ನೆ ಮುಗೀತು, ಇದು ನೋಡಿ' ಎಂದು ಒಮ್ಮೆ ಹೇಳಿದರೆ ಆ ಗಿರಾಕಿಯ ಊರಿನಿಂದ ಮತ್ತೆ ಯಾರೂ ಬರುವುದಿಲ್ಲ. ದಿನಾ ಬೆಳಿಗ್ಗೆ ಅಳಿಸಿ ಬರೆದ ಸುಣ್ಣದ ಅಕ್ಷರ ನೋಡಿದವರಿಗೆ ಇದು ಇವತ್ತಿನ ಬೆಲೆ ಎಂದು ಗೊತ್ತಾಗುತ್ತದೆ. ಅಚ್ಚು ಹಾಕಿದ ಫ್ಲೆಕ್ಸಿಗೆ ಆ ನಂಬಿಕೆ ಬರುವುದಿಲ್ಲ.

ಹೆಸರಿನ ವಿಚಾರದಲ್ಲೂ ಪ್ರಾಮಾಣಿಕತೆ ಬೇಕು. ನಾರಾಯಣಪೇಟೆ ಸೀರೆ, ಗದ್ವಾಲ್ ಸೀರೆ ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಪವರ್‌ಲೂಮಿನ ನಕಲು ಇಟ್ಟುಕೊಂಡು ಬೋರ್ಡಿನಲ್ಲಿ ಕೈಮಗ್ಗದ ಗದ್ವಾಲ್ ಎಂದು ಬರೆದರೆ ಅದು ಆ ಕಾನೂನಿಗೂ ತಪ್ಪು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದಾರಿ ತಪ್ಪಿಸುವ ಜಾಹೀರಾತಿನ ಕೆಳಗೂ ಬರುತ್ತದೆ. ಕರಪತ್ರವೂ ಆ ಕಾಯ್ದೆಯಲ್ಲಿ ಜಾಹೀರಾತೇ.

ಕರಪತ್ರ: ಎರಡು ಮುಖ, ಒಂದೇ ವಿಷಯ

ಕರಪತ್ರ ಎಂಬುದು ಎರಡೂ ಭಾಷೆಯಲ್ಲಿ ಒಂದೇ ಪದ. ಆದರೆ ಅರ್ಧ ತೆಲುಗು, ಅರ್ಧ ಕನ್ನಡ ಎಂದು ಒಂದೇ ಮುಖದಲ್ಲಿ ತುಂಬಿದರೆ ಎರಡೂ ಸಣ್ಣದಾಗುತ್ತವೆ. ಒಂದು ಮುಖ ಪೂರ್ತಿ ತೆಲುಗು, ಇನ್ನೊಂದು ಪೂರ್ತಿ ಕನ್ನಡ ಮಾಡುವುದು ಉತ್ತಮ. ಹಂಚುವ ಹುಡುಗನಿಗೆ ಒಂದು ಮಾತು ಹೇಳಿಕೊಟ್ಟರೆ ಸಾಕು: ರಾಯಚೂರು ಬಸ್ಸಿನವರಿಗೆ ಕನ್ನಡ ಮೇಲೆ ಮಾಡಿ ಕೊಡು, ಮಹಬೂಬ್‌ನಗರ ಬಸ್ಸಿನವರಿಗೆ ತೆಲುಗು ಮೇಲೆ.

ಅಳತೆ ಡೆಮಿ 1/8 ಸಾಕು, ಜೇಬಿಗೆ ಮಡಚಿ ಇಡಬಹುದು. ಬಣ್ಣದ ಕಾಗದದ ಮೇಲೆ ಒಂದೇ ಬಣ್ಣದ ಮುದ್ರಣ ಅಗ್ಗ, ಓದಲೂ ಸಲೀಸು. ಕಾಗದ ತೀರಾ ತೆಳ್ಳಗಿದ್ದರೆ ಹಿಂದಿನ ಮುಖದ ಅಕ್ಷರ ಮುಂದೆ ಕಾಣುತ್ತದೆ, ಎರಡು ಲಿಪಿ ಕಲಸಿಕೊಳ್ಳುತ್ತದೆ. 70 ಜಿಎಸ್‌ಎಂಗಿಂತ ಕಡಿಮೆ ಬೇಡ.

ಒಳಗೆ ಏನಿರಬೇಕು? ಸರಕಿನ ಪಟ್ಟಿ ಬೇಡ. ಒಂದು ಸೀರೆ, ಅದರ ಬೆಲೆ. ನಂತರ ಓದುವವರಿಗೆ ಉಪಯೋಗವಾಗುವ ಒಂದು ತಿಳಿವಳಿಕೆ. ಉದಾಹರಣೆಗೆ, ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ, ಇವೆರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಅದಕ್ಕೆ ಕುಟ್ಟು ಎನ್ನುತ್ತಾರೆ, ಸೀರೆ ತಿರುಗಿಸಿ ಆ ಕೂಡುವ ಜಾಗವನ್ನು ನೋಡಿ ಎಂದು ಮೂರು ಸಾಲು. ಇದನ್ನು ಓದಿದ ಹೆಣ್ಣುಮಗಳು ಪತ್ರವನ್ನು ಬಿಸಾಡುವುದಿಲ್ಲ, ಮನೆಗೆ ಒಯ್ದು ತನ್ನ ಸೀರೆಯನ್ನು ತಿರುಗಿಸಿ ನೋಡುತ್ತಾಳೆ. ಕೊನೆಯಲ್ಲಿ ಬಸ್ ನಿಲ್ದಾಣದಿಂದ ಅಂಗಡಿಗೆ ದಾರಿ ತೋರಿಸುವ ಗೀಟಿನ ನಕ್ಷೆ. 'ಮುಖ್ಯ ರಸ್ತೆ, ಮಕ್ತಲ್' ಎಂದು ಬರೆದರೆ ಯಾರಿಗೂ ದಾರಿ ತಿಳಿಯುವುದಿಲ್ಲ. ನಿಲ್ದಾಣದಿಂದ ಎಷ್ಟು ಹೆಜ್ಜೆ, ಯಾವ ಬದಿ ಎಂದು ಹೇಳಬೇಕು.

ಮೂಲೆಯಲ್ಲಿ ಹರಿದುಕೊಡುವ ಒಂದು ಚೀಟಿ ಇರಲಿ, ತಂದವರಿಗೆ ಸಣ್ಣ ರಿಯಾಯಿತಿ, ಅದಕ್ಕೊಂದು ಕೊನೆಯ ದಿನಾಂಕ. ಈ ಚೀಟಿಯ ನಿಜವಾದ ಉಪಯೋಗ ಮಾಲೀಕರಿಗೆ. ಮುದ್ರಣವಾದ ಮೇಲೆ ಬಸ್ ನಿಲ್ದಾಣದಲ್ಲಿ ಹಂಚುವ ಚೀಟಿಗೆ ಒಂದು ಚುಕ್ಕೆ, ಸಂತೆಯದಕ್ಕೆ ಎರಡು, ದಿನಪತ್ರಿಕೆಯೊಳಗೆ ಇಟ್ಟು ಕಳಿಸುವುದಕ್ಕೆ ಮೂರು ಚುಕ್ಕೆ ಪೆನ್ನಿನಲ್ಲಿ ಹಾಕಬೇಕು. 2000 ಪ್ರತಿ ಹಾಕಿಸಿ ನಿಲ್ದಾಣದಲ್ಲಿ 800, ಸಂತೆಯಲ್ಲಿ 800, ಪತ್ರಿಕೆಯಲ್ಲಿ 400 ಹಂಚಿದಿರಿ ಎಂದಿಟ್ಟುಕೊಳ್ಳಿ. ಎರಡು ವಾರದಲ್ಲಿ ಕ್ರಮವಾಗಿ 9, 22, 3 ಚೀಟಿ ವಾಪಸ್ ಬಂದವು. ಒಂದು ಪತ್ರಕ್ಕೆ ಮುದ್ರಣ, ಹಂಚುವ ಕೂಲಿ ಸೇರಿ ಒಂದು ರೂಪಾಯಿ ಹಿಡಿದರೆ, ಸಂತೆಯಿಂದ ಬಂದ ಒಬ್ಬ ಗಿರಾಕಿಗೆ 36 ರೂ., ನಿಲ್ದಾಣದಿಂದ ಬಂದವರಿಗೆ 89 ರೂ., ಪತ್ರಿಕೆಯಿಂದ ಬಂದವರಿಗೆ 133 ರೂ. ಖರ್ಚಾಗಿದೆ. ಮುಂದಿನ ಸಲ ಎಲ್ಲಿ ಹಂಚಬೇಕು ಎಂಬುದಕ್ಕೆ ಉತ್ತರ ಸಿಕ್ಕಿತು. ಆದರೆ ಪತ್ರಿಕೆಯ 3 ಚೀಟಿ ಬಹಳ ಸಣ್ಣ ಸಂಖ್ಯೆ. ಇನ್ನೆರಡು ಚೀಟಿ ಹೆಚ್ಚು ಬಂದಿದ್ದರೆ ಖರ್ಚು 80 ರೂ.ಗೆ ಇಳಿದು ನಿಲ್ದಾಣಕ್ಕಿಂತ ಅದೇ ಮೇಲಾಗುತ್ತಿತ್ತು. ಹಾಗಾಗಿ ಸಂತೆ ಮುಂದಿದೆ ಎಂದು ಧೈರ್ಯವಾಗಿ ಹೇಳಬಹುದು, ಉಳಿದೆರಡರ ತೀರ್ಮಾನಕ್ಕೆ ಇನ್ನೊಂದು ಸುತ್ತು ಕಾಯಬೇಕು.

ಉಳಿದ ಪತ್ರಗಳನ್ನು ಕಂಡವರ ಗೋಡೆಗೆ, ವಿದ್ಯುತ್ ಕಂಬಕ್ಕೆ ಅಂಟಿಸುವ ಚಾಳಿ ಇದೆ. ತೆಲಂಗಾಣದಲ್ಲಿ ಅದಕ್ಕೆ ದಂಡ ಹಾಕುವ ಕಾನೂನಿದೆ. ಬೋರ್ಡಿಗೆ ಬಳಸುವ ಫ್ಲೆಕ್ಸಿಗೂ ಒಂದು ಮಿತಿ ಇದೆ. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ದೇಶದೆಲ್ಲೆಡೆ ನಿಷೇಧವಾಗಿದೆ. ಅದಲ್ಲದೆ ಇಲ್ಲಿನ ಬಿಸಿಲಿಗೆ, ಅದರಲ್ಲೂ ಪಡುವಣಕ್ಕೆ ಮುಖ ಮಾಡಿದ ಅಂಗಡಿಗಳಲ್ಲಿ, ಫ್ಲೆಕ್ಸಿನ ಕೆಂಪು ಮೊದಲು ಮಂಕಾಗುತ್ತದೆ. ತಗಡಿನ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ ಎನಾಮಲ್ ಬಣ್ಣ ಮೊದಲಿಗೆ ದುಬಾರಿ ಎನಿಸಿದರೂ, ಮಂಕಾದಾಗ ಅದೇ ಗೆರೆಯ ಮೇಲೆ ಮತ್ತೊಮ್ಮೆ ಕುಂಚ ಆಡಿಸಿದರೆ ಹೊಸದಾಗುತ್ತದೆ.